ಮುಟ್ಟಿದರೆ ಸುಡುವುದೆಲ್ಲ ‘ಬಿಸಿ ಕೆಲಸ’ ಅಲ್ಲ



ಹತ್ತನೇ ತರಗತಿ ಮುಗಿಸಿ ಐಟಿಐಗೋ ಪಾಲಿಟೆಕ್ನಿಕ್‌ಗೋ ಹೋಗುವವರು ನಿಮ್ಮಲ್ಲಿ ಬಹಳ ಜನ ಇದ್ದೀರಿ. ಅಲ್ಲಿ ಎಷ್ಟೋ ಕಡೆ ಪಾಠ ಪೂರ್ತಿಯಾಗಿ ನಮ್ಮ ಭಾಷೆಯಲ್ಲಿ ಇರುವುದಿಲ್ಲ. ಹಾಗಾಗಿ ಎಷ್ಟೋ ವಿಷಯಗಳನ್ನು ಎರಡು ಕಾಲಂ ಪಟ್ಟಿ ಮಾಡಿಕೊಂಡು ಬಾಯಿಪಾಠ ಹೊಡೆಯುವುದೇ ದಾರಿ ಅಂತ ಅನ್ನಿಸಿಬಿಡುತ್ತದೆ. ಆ ಪಟ್ಟಿಗಳಲ್ಲಿ ಒಂದು, ‘ಹಾಟ್ ವರ್ಕಿಂಗ್’ ಮತ್ತು ‘ಕೋಲ್ಡ್ ವರ್ಕಿಂಗ್’ ನಡುವಿನ ವ್ಯತ್ಯಾಸ. ಎಡಗಡೆ ‘ಲೋಹವನ್ನು ಕಾಯಿಸಿ ಬಡಿಯುತ್ತಾರೆ’, ಬಲಗಡೆ ‘ಕಾಯಿಸದೆ ಬಡಿಯುತ್ತಾರೆ’ ಅಂತ ಬರೆದರೆ ಅಂಕ ಸಿಕ್ಕೇ ಸಿಗುತ್ತದೆ.

ನನ್ನ ತಕರಾರು ಇರುವುದೇ ಆ ಮೊದಲನೇ ಸಾಲಿನ ಮೇಲೆ. ಅದು ತಪ್ಪು. ನಮ್ಮ ಶಾಲೆಯ ಅಂಗಳದಲ್ಲಿ, ನೆರಳಲ್ಲಿ ಕೂತು, ತಣ್ಣಗಿರುವ ಸೀಸದ ತುಂಡನ್ನು ಸುತ್ತಿಗೆಯಿಂದ ಬಡಿದರೆ ಅದು ‘ಬಿಸಿ ಕೆಲಸ’. ಬಲ್ಬಿನ ತಂತಿ ಮಾಡುವ ಟಂಗ್‌ಸ್ಟನ್ ಲೋಹವನ್ನು 1000 ಡಿಗ್ರಿಗೆ ಕಾಯಿಸಿ, ಅದು ಕೆಂಡದ ಹಾಗೆ ಹೊಳೆಯುತ್ತಿರುವಾಗ ಬಡಿದರೆ ಅದು ‘ತಣ್ಣನೆ ಕೆಲಸ’ದ ಕಡೆಗೇ ಸೇರುತ್ತದೆ. ವಿಚಿತ್ರ ಅನ್ನಿಸುತ್ತದೆ, ಅಲ್ವಾ? ಆದರೆ ಇದು ಮಾತಿನ ಚಮತ್ಕಾರ ಅಲ್ಲ. ಗೆರೆ ಎಳೆಯುವುದು ನಮ್ಮ ಕೈಗೆ ಆಗುವ ಬಿಸಿ ಅಲ್ಲ, ಲೋಹದ ಒಳಗೆ ನಡೆಯುವ ಒಂದು ಕ್ರಿಯೆ. ಆ ಕ್ರಿಯೆ ಗೊತ್ತಾದರೆ ಪಟ್ಟಿಯ ಉಳಿದ ಸಾಲುಗಳನ್ನು ನೀವೇ ಬರೆಯಬಹುದು.

ಮೊದಲು ಲೋಹದ ಒಳಗೆ ಏನಿದೆ ನೋಡೋಣ. ಮಾಡಿಗೆ ಹಾಕುವ ಸತುವಿನ ಲೇಪದ ಶೀಟನ್ನು, ಅಂದರೆ ‘ಜಿಂಕ್ ಶೀಟ್’ ಅಂತ ನಾವು ಕರೆಯುವುದನ್ನು, ಹೊಸದಾಗಿದ್ದಾಗ ಹತ್ತಿರದಿಂದ ನೋಡಿದ್ದೀರಾ? ಕೆಲವು ಶೀಟುಗಳ ಮೇಲೆ ಹೂವಿನಂಥ ತುಂಡು ತುಂಡು ಮಿಂಚು ಇರುತ್ತದೆ. ಒಂದು ತುಂಡು ಬೆಳ್ಳಗೆ, ಪಕ್ಕದ್ದು ಮಬ್ಬು. ಅದರ ಒಂದೊಂದು ತುಂಡೂ ಸತುವಿನ ಒಂದೊಂದು ಹರಳು. ಕಬ್ಬಿಣ, ತಾಮ್ರ, ಅಲ್ಯೂಮಿನಿಯಂ ಎಲ್ಲದರ ಒಳಗೂ ಹೀಗೇ ಹರಳುಗಳು ಒತ್ತೊತ್ತಾಗಿ ಕೂತಿವೆ. ಆದರೆ ಸಾಮಾನ್ಯ ಉಕ್ಕಿನಲ್ಲಿ ಒಂದು ಹರಳಿನ ಅಗಲ ನಮ್ಮ ತಲೆಗೂದಲಿಗಿಂತಲೂ ಕಡಿಮೆ. ಹಾಗಾಗಿ ಸೂಕ್ಷ್ಮದರ್ಶಕ ಬೇಕು.

ಒಂದು ಹರಳಿನ ಒಳಗೆ ಪರಮಾಣುಗಳು ಸಾಲು ಸಾಲಾಗಿ ಜೋಡಿಸಿಕೊಂಡಿರುತ್ತವೆ. ಲೋಹವನ್ನು ಬಡಿದಾಗ ಒಂದು ಪದರ ಇನ್ನೊಂದರ ಮೇಲೆ ಜಾರುತ್ತದೆ ಅಂತ ಪುಸ್ತಕದಲ್ಲಿ ಓದಿದ್ದೀರಿ. ಆದರೆ ಪದರ ಪೂರ್ತಿ ಒಮ್ಮೆಗೇ ಜಾರುವುದಿಲ್ಲ. ಮದುವೆ ಮನೆಯ ದೊಡ್ಡ ಜಮಖಾನವನ್ನು ಸ್ವಲ್ಪ ಸರಿಸಬೇಕು ಅಂತ ಇಟ್ಟುಕೊಳ್ಳಿ. ಒಂದು ತುದಿ ಹಿಡಿದು ಎಳೆದರೆ ಅಲ್ಲಾಡುವುದಿಲ್ಲ. ಅಂಚಿನಲ್ಲಿ ಒಂದು ಸುಕ್ಕು ಎಬ್ಬಿಸಿ, ಆ ಸುಕ್ಕನ್ನು ಕಾಲಿನಿಂದ ತಳ್ಳುತ್ತಾ ಹೋದರೆ, ಅದು ಆಚೆ ತುದಿ ಸೇರುವಷ್ಟರಲ್ಲಿ ಇಡೀ ಜಮಖಾನ ಒಂದಿಷ್ಟು ಸರಿದಿರುತ್ತದೆ. ಹರಳಿನೊಳಗೂ ಇಂಥ ಸುಕ್ಕಿನ ಗೆರೆಗಳಿವೆ. ಇವುಗಳನ್ನು ಡಿಸ್‌ಲೊಕೇಶನ್ ಅನ್ನುತ್ತಾರೆ. 1934ರಲ್ಲಿ ಟೇಲರ್, ಒರೊವಾನ್, ಪೊಲಾನಿ ಎಂಬ ಮೂವರು, ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಬೇರೆ ಬೇರೆಯಾಗಿಯೇ ಈ ವಿಚಾರ ಮುಂದಿಟ್ಟರು. ಲೋಹ ಬಾಗುವುದು ಈ ಸುಕ್ಕುಗಳು ಓಡಾಡುವುದರಿಂದ.

ಈಗ ಮುಖ್ಯ ಸಂಗತಿ. ಬಡಿದಷ್ಟೂ ಸುಕ್ಕುಗಳು ಓಡುವುದಷ್ಟೇ ಅಲ್ಲ, ಹೆಚ್ಚುತ್ತಲೂ ಹೋಗುತ್ತವೆ. ಮೆದುವಾಗಿರುವ ಲೋಹದ ಒಂದು ಘನ ಸೆಂಟಿಮೀಟರ್ ಒಳಗಿನ ಈ ಗೆರೆಗಳನ್ನೆಲ್ಲ ಜೋಡಿಸಿದರೆ ಹತ್ತು ಕಿಲೋಮೀಟರ್‌ನಷ್ಟು ಆಗಬಹುದು. ಅದೇ ತುಂಡನ್ನು ತಣ್ಣಗೆ ಚೆನ್ನಾಗಿ ಬಡಿದ ಮೇಲೆ ಲೆಕ್ಕ ಹಾಕಿದರೆ ಹತ್ತು ಲಕ್ಷ ಕಿಲೋಮೀಟರ್! ಇಲ್ಲಿಂದ ಚಂದ್ರನಿಗೆ ಹೋಗಿ ವಾಪಸ್ ಬಂದರೂ ಇನ್ನೂ ಉಳಿಯುತ್ತದೆ. ಅಷ್ಟು ಗೆರೆಗಳು ಒಂದು ಸಣ್ಣ ತುಂಡಿನೊಳಗೆ ತುಂಬಿದಾಗ ಒಂದಕ್ಕೊಂದು ಸಿಕ್ಕಿಹಾಕಿಕೊಳ್ಳುತ್ತವೆ, ಸಂತೆಯ ದಿನದ ಬಸ್ ಸ್ಟ್ಯಾಂಡಿನ ಹಾಗೆ. ಸುಕ್ಕು ಓಡಲಾಗದಿದ್ದರೆ ಲೋಹ ಬಾಗಲಾರದು. ಅಂದರೆ ಗಟ್ಟಿಯಾಯಿತು. ಇನ್ನೂ ಬಲವಂತ ಮಾಡಿದರೆ ಬಿರುಕು ಬಿಡುತ್ತದೆ.

ಇದನ್ನು ನೋಡುವುದಕ್ಕೆ ಕಾರ್ಖಾನೆ ಬೇಡ. ಮನೆಯ ವೈರಿಂಗ್‌ನಲ್ಲಿ ಅರ್ಥಿಂಗ್‌ಗೆ ಹಾಕುವ 4 ಮಿಲಿಮೀಟರ್ ದಪ್ಪದ ತಾಮ್ರದ ತಂತಿ ಒಂದು ಗೇಣು ಸಾಕು. ಮೆದು ತಂತಿಯನ್ನೇ ಆರಿಸಿಕೊಳ್ಳಿ, ಅದು ಕೈಯಿಂದಲೇ ಬಾಗುತ್ತದೆ. ಬಾಗಿಸಿದ ಮೇಲೆ ನೆಟ್ಟಗೆ ಮಾಡಲು ಹೋಗಿ: ಮೊದಲು ಬಾಗಿದ ಜಾಗ ನೆಟ್ಟಗಾಗದೆ, ಅದರ ಪಕ್ಕದಲ್ಲಿ ಹೊಸ ಬಾಗು ಬರುತ್ತದೆ. ಯಾಕಂದರೆ ಬಾಗಿದ ಜಾಗ ಈಗ ಪಕ್ಕದ್ದಕ್ಕಿಂತ ಗಟ್ಟಿ. ಆಮೇಲೆ ತಂತಿಯನ್ನು ಕಲ್ಲಿನ ಮೇಲಿಟ್ಟು ಅರ್ಧ ದಪ್ಪಕ್ಕೆ ಬರುವಷ್ಟು ಬಡಿಯಿರಿ. ಮೊದಮೊದಲು ಸುತ್ತಿಗೆ ‘ದಪ್ ದಪ್’ ಅನ್ನುತ್ತದೆ, ಕೊನೆಗೆ ‘ಟಣ್’ ಅಂತ ವಾಪಸ್ ಪುಟಿಯುತ್ತದೆ. ಗಡಸುತನ ಸುಮಾರು ದುಪ್ಪಟ್ಟಾಗಿರುತ್ತದೆ. ಬದಲಿಗೆ ನೀವು ಕಳೆದುಕೊಂಡದ್ದು ಹಿಗ್ಗುವ ಶಕ್ತಿ: ಮೆದು ತಾಮ್ರ 100 ಮಿಲಿಮೀಟರ್ ಇದ್ದರೆ ಎಳೆದಾಗ 140 ಆಗುವವರೆಗೆ ತಾಳುತ್ತದೆ, ಪೂರ್ತಿ ಗಟ್ಟಿಯಾದ ತಾಮ್ರ 105ರ ಹೊತ್ತಿಗೇ ತುಂಡಾಗುತ್ತದೆ.

ಈಗ ನಿಮ್ಮ ಮೇಷ್ಟ್ರನ್ನೋ ಟೀಚರನ್ನೋ ಜೊತೆಗಿಟ್ಟುಕೊಂಡು, ಆ ಚಪ್ಪಟೆ ತಂತಿಯನ್ನು ಇಕ್ಕುಳದಲ್ಲಿ ಹಿಡಿದು ಗ್ಯಾಸ್ ಉರಿಯಲ್ಲಿ ಮಂದ ಕೆಂಪಾಗುವವರೆಗೆ ಕಾಯಿಸಿ, ನೀರಿಗೆ ಅದ್ದಿ. ಅದು ಮತ್ತೆ ಮೆದುವಾಗಿದೆ! ‘ನೀರಿಗೆ ಅದ್ದಿದರೆ ಗಟ್ಟಿ ಆಗಬೇಕಲ್ವಾ’ ಅಂತ ಕೇಳುವವರು ಇದ್ದೇ ಇರುತ್ತಾರೆ. ಅದು ಉಕ್ಕಿನ ಕಥೆ, ಇಂಗಾಲ ಇರುವುದರಿಂದ ಆಗುವುದು. ಶುದ್ಧ ತಾಮ್ರಕ್ಕೆ ನೀರಿನಿಂದ ಏನೂ ಆಗುವುದಿಲ್ಲ, ಬೇಗ ಆರುತ್ತದೆ ಅಷ್ಟೆ.

ಉರಿಯಲ್ಲಿ ಏನಾಯಿತು? ಬಡಿದ ಲೋಹದ ಒಳಗೆ ಸಿಕ್ಕುಬಿದ್ದ ಗೆರೆಗಳ ರೂಪದಲ್ಲಿ ಸ್ವಲ್ಪ ಶಕ್ತಿ ಕೂತಿರುತ್ತದೆ. ಸುತ್ತಿಗೆ ಕೊಟ್ಟ ಶಕ್ತಿಯಲ್ಲಿ ಹೆಚ್ಚಿನದು ಶಾಖವಾಗಿ ಹೋಗಿ, ಒಂದು ಸಣ್ಣ ಪಾಲು ಮಾತ್ರ ಹೀಗೆ ಉಳಿಯುತ್ತದೆ. ಕಾಯಿಸಿದಾಗ ಪರಮಾಣುಗಳಿಗೆ ಜಾಗ ಬದಲಿಸುವ ಚಲನೆ ಸಿಗುತ್ತದೆ. ಆಗ ಹಳೆಯ, ಜಜ್ಜಿಹೋದ ಹರಳುಗಳ ನಡುವೆ ಅಲ್ಲಲ್ಲಿ ಹೊಸ ಪುಟ್ಟ ಹರಳುಗಳು ಹುಟ್ಟುತ್ತವೆ. ಇವುಗಳಲ್ಲಿ ಸಿಕ್ಕು ಇಲ್ಲ. ಇವು ಹಳೆಯವನ್ನು ನುಂಗುತ್ತಾ ಬೆಳೆದು, ಕೊನೆಗೆ ಇಡೀ ತಂತಿಯಲ್ಲಿ ಹೊಸ ಹರಳುಗಳೇ ತುಂಬುತ್ತವೆ. ಇಷ್ಟಾದರೂ ಲೋಹ ಕರಗಿಲ್ಲ, ತಂತಿಯ ಆಕಾರ ಹಾಗೇ ಇದೆ! ಇದಕ್ಕೆ ಪುಸ್ತಕದ ಹೆಸರು ‘ಪುನಃಸ್ಫಟಿಕೀಕರಣ’. ನಾವು ‘ಮರುಹರಳಾಗುವುದು’ ಅನ್ನೋಣ, ಬಾಯಿಗೆ ಸುಲಭ.

ಅಕ್ಕಸಾಲಿಗರಿಗೆ ಇದು ಚೆನ್ನಾಗಿ ಗೊತ್ತು. ಕಬ್ಬಿನ ಗಾಣದ ಮರಿಯಂತಿರುವ ಅವರ ಪುಟ್ಟ ಉರುಳೆ ಮೆಷಿನ್ನಿನಲ್ಲಿ ಬೆಳ್ಳಿ ಪಟ್ಟಿಯನ್ನು ಕೆಲವು ಸಲ ತೂರಿಸಿದ ಮೇಲೆ ನಿಲ್ಲಿಸಿ, ಊದುಕೊಳವೆಯಿಂದ ಕಾಯಿಸಿ, ಮತ್ತೆ ತೂರಿಸುತ್ತಾರೆ. ಕಾಯಿಸದೆ ಮುಂದುವರಿಸಿದರೆ ಪಟ್ಟಿಯ ಅಂಚು ಗರಗಸದ ಹಲ್ಲಿನ ಹಾಗೆ ಸೀಳುತ್ತದೆ. ತಣ್ಣನೆ ಕೆಲಸ, ಆಮೇಲೆ ಮರುಹರಳು, ಮತ್ತೆ ತಣ್ಣನೆ ಕೆಲಸ. ಎರಡನ್ನೂ ಬೇರೆ ಬೇರೆ ಮಾಡುತ್ತಾರೆ.

ಬಡಿಯುವುದು ಮತ್ತು ಮರುಹರಳಾಗುವುದು ಎರಡೂ ಒಟ್ಟಿಗೇ ನಡೆದರೆ? ಬಡಿದಷ್ಟು ಬೇಗ ಸಿಕ್ಕು ಬಿಡಿಸಿಕೊಳ್ಳುವಷ್ಟು ಲೋಹ ಬಿಸಿಯಾಗಿದ್ದರೆ? ಆಗ ಎಷ್ಟು ಬಡಿದರೂ ಗಟ್ಟಿಯಾಗುವುದಿಲ್ಲ. ಅದೇ ಬಿಸಿ ಕೆಲಸ. ಮರುಹರಳಾಗುವ ಉಷ್ಣತೆಗಿಂತ ಮೇಲೆ ಮಾಡಿದರೆ ಬಿಸಿ ಕೆಲಸ, ಕೆಳಗೆ ಮಾಡಿದರೆ ತಣ್ಣನೆ ಕೆಲಸ. ಇಷ್ಟೇ ವ್ಯಾಖ್ಯಾನ.

ಆ ಉಷ್ಣತೆ ಎಷ್ಟು ಅಂತ ಅಂದಾಜು ಮಾಡಲು ಒಂದು ಒರಟು ಲೆಕ್ಕ ಇದೆ: ಲೋಹ ಕರಗುವ ಉಷ್ಣತೆಯನ್ನು ಕೆಲ್ವಿನ್‌ನಲ್ಲಿ ತೆಗೆದುಕೊಂಡು 0.4ರಿಂದ ಗುಣಿಸಿ. ತಾಮ್ರ 1085 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಅದಕ್ಕೆ 273 ಕೂಡಿಸಿದರೆ 1358 ಕೆಲ್ವಿನ್. ಅದರ 0.4 ಭಾಗ 543 ಕೆಲ್ವಿನ್, ಅಂದರೆ 270 ಡಿಗ್ರಿ ಸೆಲ್ಸಿಯಸ್. ಕಬ್ಬಿಣಕ್ಕೆ (1538 ಡಿಗ್ರಿಯಲ್ಲಿ ಕರಗುತ್ತದೆ) ಇದೇ ಲೆಕ್ಕ ಹಾಕಿದರೆ ಸುಮಾರು 450 ಡಿಗ್ರಿ. ಟಂಗ್‌ಸ್ಟನ್‌ಗೆ (3422 ಡಿಗ್ರಿ) ಸುಮಾರು 1200. ಸೀಸ ಕರಗುವುದು 327ರಲ್ಲಿ, ಅಂದರೆ 600 ಕೆಲ್ವಿನ್. ಅದರ 0.4 ಭಾಗ 240 ಕೆಲ್ವಿನ್, ಸೊನ್ನೆಗಿಂತ 33 ಡಿಗ್ರಿ ಕೆಳಗೆ! ನಮ್ಮ ಊರಿನ ಯಾವ ಚಳಿಗಾಲವೂ ಸೀಸಕ್ಕೆ ‘ತಣ್ಣಗೆ’ ಅಲ್ಲ. ಅದಕ್ಕೇ ಸೀಸದ ತಗಡನ್ನು ಎಷ್ಟು ಬಡಿದರೂ ಗಟ್ಟಿಯಾಗದೆ ಮೆತ್ತಗೇ ಇರುತ್ತದೆ.

ಈ ಲೆಕ್ಕವನ್ನು ಕಣ್ಣುಮುಚ್ಚಿ ನಂಬಬೇಡಿ. ಲೋಹದಲ್ಲಿ ಬೇರೆ ಧಾತು ಬೆರೆತಿದ್ದರೆ ಉಷ್ಣತೆ ಏರುತ್ತದೆ, ಮೊದಲೇ ಹೆಚ್ಚು ಬಡಿದಿದ್ದರೆ ಇಳಿಯುತ್ತದೆ. ಎಲ್ಲಕ್ಕಿಂತ ದೊಡ್ಡದು ಸಮಯ. ಪುಸ್ತಕಗಳು ಕೊಡುವ ಮರುಹರಳಿನ ಉಷ್ಣತೆ ಅಂದರೆ, ಸಾಮಾನ್ಯವಾಗಿ ಒಂದು ಗಂಟೆಯಲ್ಲಿ ಆ ಕೆಲಸ ಮುಗಿಯುವ ಉಷ್ಣತೆ. ಕಮ್ಮಾರನ ಕೈಯಲ್ಲಿ ಒಂದು ಗಂಟೆ ಎಲ್ಲಿದೆ? ಒಂದು ಪೆಟ್ಟಿಗೂ ಇನ್ನೊಂದು ಪೆಟ್ಟಿಗೂ ನಡುವೆ ಅವನಿಗೆ ಸಿಗುವುದು ಒಂದು ಸೆಕೆಂಡ್. ಅಷ್ಟರಲ್ಲಿ ಸಿಕ್ಕು ಬಿಡಬೇಕಾದರೆ ಕಬ್ಬಿಣ 450ಕ್ಕಿಂತ ಎಷ್ಟೋ ಮೇಲಿರಬೇಕು.

ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿಯಿಂದ ಕುಡುಗೋಲು ಮಾಡುವುದನ್ನು ಕುಲುಮೆಯ ಹತ್ತಿರ ನಿಂತು ನೋಡಿ. ಕಮ್ಮಾರನ ಬಳಿ ಥರ್ಮಾಮೀಟರ್ ಇಲ್ಲ, ಬಣ್ಣ ಇದೆ. ಕಿತ್ತಳೆ ಬಣ್ಣ ಬಂದಾಗ ಪಟ್ಟಿ ಹೊರಗೆ ತೆಗೆಯುತ್ತಾನೆ, ಅದು ಸುಮಾರು 950 ಡಿಗ್ರಿಯ ಬಣ್ಣ. ಬಡಿಯುತ್ತಾ ಇರುವಾಗ ಬಣ್ಣ ಇಳಿಯುತ್ತದೆ. ಚೆರ್ರಿ ಹಣ್ಣಿನ ಕೆಂಪು ದಾಟಿ ಕಪ್ಪುಗೆಂಪಿಗೆ ಬಂದಾಗ, ಸುಮಾರು 700ರ ಹೊತ್ತಿಗೆ, ಸುತ್ತಿಗೆ ನಿಲ್ಲಿಸಿ ಮತ್ತೆ ಕೆಂಡಕ್ಕೆ ಇಡುತ್ತಾನೆ. ಅದಕ್ಕಿಂತ ಕೆಳಗೆ ಬಡಿದರೆ ಸಿಕ್ಕು ಕೂಡುತ್ತಾ ಹೋಗಿ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಬೀಳುತ್ತದೆ. ಆ ಬಿರುಕು ಇವತ್ತು ಕಾಣದೆ, ಆಮೇಲೆ ನೀರಿಗೆ ಅದ್ದಿ ಗಟ್ಟಿ ಮಾಡುವಾಗ ಬಾಯಿ ಬಿಡುತ್ತದೆ.

ಮೇಲಿನ ಕಡೆಗೂ ಮಿತಿ ಇದೆ, ಅದನ್ನು ಪಟ್ಟಿಯಲ್ಲಿ ಯಾರೂ ಬರೆಯುವುದಿಲ್ಲ. ಮರುಹರಳಾದ ಮೇಲೂ ಲೋಹವನ್ನು ಬಿಸಿಯಲ್ಲೇ ಬಿಟ್ಟರೆ, ದೊಡ್ಡ ಹರಳು ಸಣ್ಣದನ್ನು ನುಂಗಿ ಎಲ್ಲ ಹರಳುಗಳೂ ಒರಟಾಗುತ್ತವೆ. ದಪ್ಪ ಹರಳಿನ ಉಕ್ಕು ಪೆಟ್ಟು ತಾಳುವುದಿಲ್ಲ. ಮುರಿದ ಜಾಗ ನೋಡಿದರೆ ಗೊತ್ತಾಗುತ್ತದೆ: ಒಳ್ಳೆಯದಾದರೆ ಬೂದು ರೇಷ್ಮೆಯಂತೆ ನುಣುಪು, ಅತಿಯಾಗಿ ಕಾದಿದ್ದರೆ ದಪ್ಪ ಸಕ್ಕರೆಯಂತೆ ಮಿಣಮಿಣ. ಇದನ್ನು ಸರಿಯಾದ ಬಿಸಿಯಲ್ಲಿ ಮತ್ತೆ ಕಾಯಿಸಿ ಬಡಿದು ಸುಧಾರಿಸಬಹುದು. ಆದರೆ ಬೆಳ್ಳಗಾಗಿ ಕಿಡಿ ಸಿಡಿಯುವಷ್ಟು ಕಾದಿತೋ, ಹರಳುಗಳ ನಡುವಿನ ಗೆರೆಗಳಲ್ಲೇ ಉಕ್ಕು ಸುಟ್ಟುಹೋಗಿರುತ್ತದೆ. ಅದು ಗುಜರಿಗೆ ಮಾತ್ರ. ಹಾಗಾಗಿ ಕಡೆಯ ಪೆಟ್ಟುಗಳನ್ನು ತೀರಾ ಬಿಸಿಯಲ್ಲಿ ಮುಗಿಸಬಾರದು, ಕೆಂಪು ಇಳಿಯುತ್ತಿರುವಾಗ ಮುಗಿಸಬೇಕು. ಆಗ ಹುಟ್ಟಿದ ಹೊಸ ಹರಳುಗಳಿಗೆ ಬೆಳೆಯುವ ಪುರುಸೊತ್ತು ಸಿಗದೆ ಸಣ್ಣದಾಗಿಯೇ ಉಳಿಯುತ್ತವೆ.

ಇನ್ನೊಂದು ಮಾತು. ಬಿಸಿಯಲ್ಲಿ ಬಡಿದ ಉಕ್ಕಿನಲ್ಲಿ ‘ನಾರು’ ಇರುತ್ತದೆ ಅನ್ನುತ್ತಾರೆ. ಹರಳುಗಳೆಲ್ಲ ಹೊಸದಾದ ಮೇಲೆ ನಾರು ಎಲ್ಲಿಂದ ಬಂತು? ಉಕ್ಕಿನೊಳಗೆ ಸಣ್ಣ ಕಲ್ಮಶಗಳಿರುತ್ತವೆ, ಉದಾಹರಣೆಗೆ ಮ್ಯಾಂಗನೀಸ್ ಸಲ್ಫೈಡ್. ಬಡಿದಾಗ ಅವು ಎಳೆಯಂತೆ ಉದ್ದವಾಗುತ್ತವೆ. ಲೋಹ ಮರುಹರಳಾದರೂ ಅವು ಮರಳಿ ಗುಂಡಗಾಗುವುದಿಲ್ಲ. ಬಡಿದು ಮಾಡಿದ ಸ್ಪ್ಯಾನರಿನಲ್ಲಿ ಈ ಎಳೆಗಳು ಅದರ ಆಕಾರವನ್ನೇ ಅನುಸರಿಸಿ ಬಾಗಿರುತ್ತವೆ. ದಪ್ಪ ಪಟ್ಟಿಯಿಂದ ಕೊರೆದು ತೆಗೆದ ಸ್ಪ್ಯಾನರಿನಲ್ಲಿ ಬಾಯಿಯ ತಿರುವಿನಲ್ಲಿ ಎಳೆಗಳು ಕತ್ತರಿಸಿಹೋಗಿರುತ್ತವೆ. ಸೌದೆ ಸೀಳುವವರಿಗೆ ನಾರಿನ ದಿಕ್ಕು ಎಷ್ಟು ಮುಖ್ಯ ಅಂತ ಗೊತ್ತಲ್ವಾ, ಇಲ್ಲೂ ಹಾಗೇ.

ಕುಲುಮೆಯಿಂದ ಕಾರ್ಖಾನೆಗೆ ಬರೋಣ. ಬಳ್ಳಾರಿ ಪಕ್ಕದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಬಿಸಿ ಉರುಳೆಗಳೂ ಇವೆ, ತಣ್ಣನೆ ಉರುಳೆಗಳೂ ಇವೆ. ಇಂಥ ಕಾರ್ಖಾನೆಗಳಲ್ಲಿ ಸಾಮಾನ್ಯವಾಗಿ ನಡೆಯುವ ಕೆಲಸವನ್ನು ಒಂದು ಲೆಕ್ಕದ ಮೂಲಕ ನೋಡಿ. ಸುಮಾರು 220 ಮಿಲಿಮೀಟರ್ ದಪ್ಪ, 10 ಮೀಟರ್ ಉದ್ದದ ಉಕ್ಕಿನ ಹಲಗೆಯನ್ನು 1200 ಡಿಗ್ರಿವರೆಗೆ ಕಾಯಿಸಿ, ಒಂದಾದ ಮೇಲೊಂದು ಉರುಳೆಗಳ ನಡುವೆ ತೂರಿಸಿ 3 ಮಿಲಿಮೀಟರ್‌ಗೆ ಇಳಿಸುತ್ತಾರೆ. ಅಗಲ ಬದಲಾಗಿಲ್ಲ ಅಂತ ಇಟ್ಟುಕೊಂಡರೆ ಉದ್ದ ಎಷ್ಟಾಗುತ್ತದೆ? ಹತ್ತನ್ನು 220ರಿಂದ ಗುಣಿಸಿ 3ರಿಂದ ಭಾಗಿಸಿ: ಸುಮಾರು 733 ಮೀಟರ್. ಇಷ್ಟು ಹಿಗ್ಗನ್ನು ತಣ್ಣಗಿರುವ ಉಕ್ಕು ತಾಳುವ ಮಾತೇ ಇಲ್ಲ. ಬಿಸಿಯಲ್ಲಿ ಪ್ರತಿ ಉರುಳೆ ದಾಟಿದ ಮೇಲೂ ಹರಳುಗಳು ಹೊಸದಾಗುತ್ತವೆ, ಎರಕದಲ್ಲಿ ಉಳಿದ ಸಣ್ಣ ಪೊಳ್ಳುಗಳೂ ಒತ್ತಿ ಮುಚ್ಚಿಕೊಳ್ಳುತ್ತವೆ.

ಆದರೆ ಬಿಸಿಗೆ ಬೆಲೆ ತೆರಬೇಕು. ಮೇಲ್ಮೈ ಗಾಳಿಯ ಜೊತೆ ಸೇರಿ ಕಪ್ಪು ಪೊರೆ ಕಟ್ಟುತ್ತದೆ. ಅಳತೆಯೂ ಕೈ ಕೊಡುತ್ತದೆ: ಉಕ್ಕು 900 ಡಿಗ್ರಿಯಷ್ಟು ತಣ್ಣಗಾದಾಗ ಒಂದು ಮೀಟರ್‌ಗೆ ಸುಮಾರು 11 ಮಿಲಿಮೀಟರ್ ಕುಗ್ಗುತ್ತದೆ. ಅಲ್ಮೇರಾಕ್ಕೋ ಸ್ಕೂಟರಿನ ಮಡ್‌ಗಾರ್ಡಿಗೋ ಬೇಕಾದ ನುಣುಪಾದ, ತೆಳುವಾದ, ಎಲ್ಲೆಡೆ ಒಂದೇ ದಪ್ಪದ ತಗಡು ಹೀಗೆ ಬರುವುದಿಲ್ಲ. ಆದ್ದರಿಂದ 3 ಮಿಲಿಮೀಟರ್ ತಗಡಿನ ಪೊರೆಯನ್ನು ಆಮ್ಲದಲ್ಲಿ ತೊಳೆದು, ಕಾಯಿಸದೆ ಮತ್ತೆ ಉರುಳೆಗೆ ಕೊಟ್ಟು 0.8 ಮಿಲಿಮೀಟರ್ ಮಾಡುತ್ತಾರೆ. ತಮಾಷೆ ನೋಡಿ, ಈ ‘ತಣ್ಣನೆ’ ಉರುಳೆಯಿಂದ ಹೊರಬರುವ ತಗಡನ್ನು ಮುಟ್ಟಿದರೆ ಕೈ ಸುಟ್ಟೀತು. ಉಜ್ಜುವಿಕೆ ಮತ್ತು ಹಿಗ್ಗುವಿಕೆಯಿಂದಲೇ ಅದು ನೂರು ಡಿಗ್ರಿ ದಾಟಬಲ್ಲದು. ಆದರೂ ಉಕ್ಕಿನ ಮರುಹರಳಿನ ಉಷ್ಣತೆಗಿಂತ ಬಹಳ ಕೆಳಗಿದೆ. ಹಾಗಾಗಿ ತಣ್ಣನೆ ಕೆಲಸವೇ.

ಈಗ ಹರಳಿಗೇನಾಯಿತು? 20 ಮೈಕ್ರಾನ್ ಗುಂಡಗಿದ್ದ ಹರಳು, ತಗಡು ತೆಳುವಾದ ಅನುಪಾತದಲ್ಲೇ ಚಪ್ಪಟೆಯಾಗಿ, 5 ಮೈಕ್ರಾನ್ ದಪ್ಪ, 75 ಮೈಕ್ರಾನ್ ಉದ್ದದ ಪಟ್ಟಿಯಾಯಿತು, ನೆನೆಸಿದ ಭತ್ತ ಒನಕೆಯ ಪೆಟ್ಟಿಗೆ ಅವಲಕ್ಕಿ ಆದ ಹಾಗೆ. ಒಳಗೆಲ್ಲ ಸಿಕ್ಕು. ತಗಡಿನ ಬಲ ಎರಡು ಪಟ್ಟಿಗಿಂತ ಹೆಚ್ಚಾಗಿದೆ, ಆದರೆ ಮಡಚಲು ಹೋದರೆ ಬಿರಿಯುತ್ತದೆ. ಮಡ್‌ಗಾರ್ಡಿನ ಆಕಾರಕ್ಕೆ ಒತ್ತಬೇಕಾದರೆ ಅದನ್ನು 700 ಡಿಗ್ರಿ ಹತ್ತಿರ, ಗಾಳಿ ಸೋಕದ ಕುಲುಮೆಯಲ್ಲಿ ಕಾಯಿಸಿ ಮರುಹರಳು ಮಾಡಿಸಲೇಬೇಕು. ಇದಕ್ಕೆ ಅನೀಲಿಂಗ್ ಅನ್ನುತ್ತಾರೆ.

ಇಲ್ಲಿಗೆ ಬಂದಾಗ ‘ಬಿಸಿ ಕೆಲಸ ಒಳ್ಳೆಯದೋ ತಣ್ಣನೆ ಕೆಲಸ ಒಳ್ಳೆಯದೋ’ ಎಂಬ ಪ್ರಶ್ನೆಗೆ ಅರ್ಥವೇ ಇಲ್ಲ ಅಂತ ನಿಮಗೂ ಅನ್ನಿಸಿರಬೇಕು. ನಮ್ಮ ಮನೆಯ ಅಲ್ಮೇರಾದ ಬಾಗಿಲು ಎರಡನ್ನೂ ದಾಟಿ ಬಂದಿದೆ. ಕೇಳಬೇಕಾದ್ದು: ಕೊನೆಯ ಪೆಟ್ಟು ಬಿದ್ದ ಮೇಲೆ ಅದಕ್ಕೆ ಮರುಹರಳಾಗುವ ಅವಕಾಶ ಸಿಕ್ಕಿತೋ ಇಲ್ಲವೋ? ಸಿಕ್ಕಿದ್ದರೆ ಮೆದು, ಸಿಗದಿದ್ದರೆ ಗಟ್ಟಿ. ಪರೀಕ್ಷೆಯಲ್ಲಿ ಎರಡು ಕಾಲಂ ಬರೆಯುವಾಗ ಮೊದಲನೇ ಸಾಲಿನಲ್ಲಿ ‘ಮರುಹರಳಾಗುವ ಉಷ್ಣತೆಗಿಂತ ಮೇಲೆ’, ‘ಮರುಹರಳಾಗುವ ಉಷ್ಣತೆಗಿಂತ ಕೆಳಗೆ’ ಅಂತ ಬರೆಯಿರಿ. ಯಾವ ಭಾಷೆಯಲ್ಲಿ ಬರೆದರೂ ಅದೇ ಸರಿಯುತ್ತರ.

ಇನ್ನು ನಿಮಗೊಂದು ಕೆಲಸ. ಮಾಡಿನ ಶೀಟ್ ಹಾಕುವಾಗ ಉಳಿದ ಚೂರು ಎಲ್ಲಾದರೂ ಸಿಕ್ಕರೆ, ಅಂಚು ಕೈ ಕೊಯ್ಯದ ಹಾಗೆ ಇಕ್ಕುಳದಲ್ಲಿ ಹಿಡಿದು, ಎರಡು ಮಡಿಕೆ ಒಂದಕ್ಕೊಂದು ಅಂಟುವಷ್ಟು ಬಿಗಿಯಾಗಿ ಮಡಚಿ ನೋಡಿ. ಹಳೇ ಎಣ್ಣೆ ಡಬ್ಬಿಯ ತಗಡನ್ನೂ ಹಾಗೇ ಮಡಚಿ. ಮಾಡಿಗೆ ಬಳಸುವ ತಗಡುಗಳಲ್ಲಿ ಹಲವನ್ನು ಅನೀಲಿಂಗ್ ಮಾಡಿ ಪೂರ್ತಿ ಮೆದುಗೊಳಿಸದೆ, ತಣ್ಣನೆ ಉರುಳೆಯ ಗಡಸುತನವನ್ನು ಉಳಿಸಿಕೊಂಡೇ ಮಾರುತ್ತಾರೆ. ಮಾಡು ಮಡಚಬೇಕಾಗಿಲ್ಲ, ಗಾಳಿಗೆ ತಡೆದರೆ ಸಾಕು ಅಂತ. ಯಾವ ಚೂರಿನ ಮಡಿಕೆಯಲ್ಲಿ ಬಿರುಕು ಕಾಣುತ್ತದೆ, ಯಾವುದರಲ್ಲಿ ಇಲ್ಲ ಅಂತ ಭೂತಗನ್ನಡಿ ಹಿಡಿದು ಪರೀಕ್ಷಿಸಿ ನೋಡಿ.